ಆನ್‌ಲೈನ್ ಟೆಸ್ಟ್‌ನಲ್ಲಿ ಉತ್ತರ ಕಾಪಿ ಮಾಡಿದರೆ ಮುಂದೆ ಏನಾಗುತ್ತದೆ: ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಿಯ ಪೋಷಕರೇ,

ನಾನು ಎಂಟರಿಂದ ಹತ್ತನೇ ತರಗತಿವರೆಗಿನ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಪ್ರತಿ ವಾರದ ಟೆಸ್ಟ್ ಆನ್‌ಲೈನ್‌ನಲ್ಲಿ ನಡೆಯುತ್ತದೆ. ಮಕ್ಕಳು ಮನೆಯಲ್ಲೇ ಕೂತು ಬರೆಯುತ್ತಾರೆ. ಕೆಲವರು ಸ್ವಂತವಾಗಿ ಬಿಡಿಸುತ್ತಾರೆ, ಕೆಲವರು ಗೆಳೆಯರ ಗ್ರೂಪಿಗೆ ಬಂದ ಉತ್ತರ ನೋಡಿ ಒತ್ತುತ್ತಾರೆ. ಈ ವಿಷಯ ಎತ್ತಿದಾಗಲೆಲ್ಲ ನಿಮ್ಮಿಂದ ಹೆಚ್ಚುಕಮ್ಮಿ ಒಂದೇ ಬಗೆಯ ಪ್ರಶ್ನೆಗಳು ಬರುತ್ತವೆ. ಫೋನಿನಲ್ಲಿ ಅರ್ಧಂಬರ್ಧ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬಿಡಿಸಿ ಬರೆದಿದ್ದೇನೆ. ನನ್ನ ವಿಷಯ ಗಣಿತ, ಹಾಗಾಗಿ ಉದಾಹರಣೆಗಳೂ ಗಣಿತದವೇ.

ವಾರದ ಟೆಸ್ಟ್‌ನ ಅಂಕ ಎಲ್ಲೂ ಲೆಕ್ಕಕ್ಕೆ ಬರುವುದಿಲ್ಲ. ಹಾಗಿದ್ದಮೇಲೆ ಕಾಪಿ ಮಾಡಿದರೆ ಯಾರಿಗೆ ನಷ್ಟ?

ಅಂಕ ಲೆಕ್ಕಕ್ಕೆ ಬರುವುದಿಲ್ಲ, ನಿಜ. ಆದರೆ ಮುಂದಿನ ವಾರ ನಿಮ್ಮ ಮಗುವಿಗೆ ನಾನು ಏನು ಕಲಿಸಬೇಕು ಅನ್ನೋದು ಆ ಟೆಸ್ಟ್‌ನಿಂದಲೇ ಗೊತ್ತಾಗುವುದು. ಇದನ್ನು ಒಂದು ಪ್ರಶ್ನೆ ಇಟ್ಟುಕೊಂಡು ತೋರಿಸುತ್ತೇನೆ. ಎಂಟನೇ ತರಗತಿಯ ಸಮೀಕರಣದ ಲೆಕ್ಕ ಇದು:

5 − 2(x − 3) = 1 ಆದರೆ x ಎಷ್ಟು?

ನಾಲ್ಕು ಆಯ್ಕೆ ಕೊಟ್ಟಿರುತ್ತೇನೆ: 5, −1, 10/3, 1/2. ಸರಿ ಉತ್ತರ 5. ಉಳಿದ ಮೂರನ್ನು ಸುಮ್ನೆ ಜಾಗ ತುಂಬಲು ಹಾಕಿದ್ದಲ್ಲ. ಒಂದೊಂದೂ ಒಂದೊಂದು ತಪ್ಪು ದಾರಿಯ ಕೊನೆಗೆ ಸಿಗುವ ಉತ್ತರ.

ಬ್ರಾಕೆಟ್ ಬಿಡಿಸುವಾಗ −2 ಅನ್ನು −3ರಿಂದ ಗುಣಿಸಿದರೆ +6 ಬರಬೇಕು. ಹೊರಗಿನ ಮೈನಸ್ ಮೊದಲ ಪದಕ್ಕೆ ಮಾತ್ರ ಅಂದುಕೊಂಡ ಮಗು ಅಲ್ಲಿ −6 ಬರೆಯುತ್ತದೆ. ಆಗ 5 − 2x − 6 = 1 ಆಗಿ, x = −1 ಬರುತ್ತದೆ. 2ನ್ನು ಎರಡನೇ ಪದಕ್ಕೆ ಗುಣಿಸುವುದನ್ನೇ ಮರೆತ ಮಗು 5 − 2x − 3 = 1 ಎಂದು ಬರೆಯುತ್ತದೆ. ಅದಕ್ಕೆ ಸಿಗುವುದು 1/2. ಇನ್ನೊಂದು ಮಗು ಮೊದಲು 5ರಿಂದ 2 ಕಳೆದು 3(x − 3) = 1 ಮಾಡಿಕೊಳ್ಳುತ್ತದೆ. ಅಂದರೆ ಗುಣಾಕಾರ ಮೊದಲು, ವ್ಯವಕಲನ ಆಮೇಲೆ ಅನ್ನೋದು ಅದಕ್ಕೆ ಕೂತಿಲ್ಲ. ಅದು 10/3 ಒತ್ತುತ್ತದೆ.

ಹೀಗಾಗಿ ಯಾವ ಮಗು ಯಾವ ತಪ್ಪು ಆಯ್ಕೆ ಒತ್ತಿದೆ ಅಂತ ನೋಡಿದ ತಕ್ಷಣ, ಅದು ಎಲ್ಲಿ ಎಡವಿದೆ ಅನ್ನೋದು ನನಗೆ ತಿಳಿಯುತ್ತದೆ. −1 ಒತ್ತಿದವರನ್ನು ಒಟ್ಟಿಗೆ ಕೂರಿಸಿ ಬ್ರಾಕೆಟ್ ಮುಂದಿನ ಮೈನಸ್ ಬಗ್ಗೆ ಮತ್ತೆ ಹೇಳುತ್ತೇನೆ, ಅದರದ್ದೇ ಲೆಕ್ಕ ಕೊಡುತ್ತೇನೆ. ಒಂದೆರಡು ತರಗತಿಯಲ್ಲಿ ಬಹುತೇಕ ಮಕ್ಕಳಿಗೆ ಸರಿಹೋಗುತ್ತದೆ. 5 ಒತ್ತಿದವರು ಮುಂದಿನ ವಾಕ್ಯ ಸಮಸ್ಯೆಗಳಿಗೆ ಹೋಗುತ್ತಾರೆ.

ಈಗ ಕಾಪಿ ಮಾಡಿದ ಮಗುವನ್ನು ನೋಡಿ. ಅದು ಸ್ವಂತ ಬಿಡಿಸಿದ್ದರೆ −1 ಒತ್ತುತ್ತಿತ್ತು. ಗ್ರೂಪ್‌ನಲ್ಲಿ 5 ಅಂತ ಬಂತು, 5 ಒತ್ತಿತು. ನನ್ನ ಕಣ್ಣಿಗೆ ಅದು ಬ್ರಾಕೆಟ್ ಚೆನ್ನಾಗಿ ಗೊತ್ತಿರುವ ಮಗು. ಬೇಕಾದ ಅಭ್ಯಾಸ ಅದಕ್ಕೆ ಸಿಗುವುದಿಲ್ಲ, ಇನ್ನೂ ಸಿದ್ಧವಾಗಿರದ ಪಾಠಕ್ಕೆ ಅದನ್ನು ನಾನೇ ದಾಟಿಸಿಬಿಡುತ್ತೇನೆ. ಬೇರೆಯವರ ರಕ್ತ ಕೊಟ್ಟು ತನ್ನ ರಿಪೋರ್ಟ್ ತರಿಸಿಕೊಂಡ ಹಾಗೆ ಇದು. ರಿಪೋರ್ಟ್ ಚೆನ್ನಾಗಿಯೇ ಬರುತ್ತದೆ, ಔಷಧಿ ಮಾತ್ರ ಸಿಗುವುದಿಲ್ಲ.

ಕಾಪಿ ಸುಳ್ಳಿನ ಅಭ್ಯಾಸ ಕಲಿಸುತ್ತದೆ ಅಂತ ನೀವು ಬೇಸರ ಪಡುತ್ತೀರಿ, ಅದು ಸರಿಯೇ. ಆದರೆ ಗಣಿತದ ಮೇಷ್ಟ್ರಾಗಿ ನನಗೆ ಜಾಸ್ತಿ ಸಂಕಟ ಕೊಡುವುದು ಬೇರೆ. ಎರಡು ತರಗತಿಯಲ್ಲಿ ಮುಗಿಯುತ್ತಿದ್ದ ತಪ್ಪೊಂದು ಎರಡು ವರ್ಷ ಉಳಿದುಬಿಡುತ್ತದೆ.

ಎಂಟನೇ ತರಗತಿಯ ಸಣ್ಣ ತಪ್ಪು ಅಲ್ವಾ? ದೊಡ್ಡವರಾದ ಮೇಲೆ ತಾನಾಗಿ ಸರಿಹೋಗಲ್ವಾ?

ಕೆಲವು ತಪ್ಪು ಸರಿಹೋಗುತ್ತವೆ. ಅವಸರದಲ್ಲಿ 7ನ್ನು 1 ಅಂತ ಓದಿದ್ದು, ಕೂಡುವಾಗ ಒಂದು ಅಂಕಿ ಬಿಟ್ಟಿದ್ದು, ಇಂಥವು. ಆದರೆ ನಿಯಮವನ್ನೇ ತಪ್ಪಾಗಿ ಅರ್ಥ ಮಾಡಿಕೊಂಡದ್ದು ತಾನಾಗಿ ಹೋಗುವುದಿಲ್ಲ. ಮಗು ಅದನ್ನೇ ಸರಿ ಅಂತ ನಂಬಿರುತ್ತದೆ, ಪ್ರತಿ ಲೆಕ್ಕದಲ್ಲೂ ಅದನ್ನೇ ಬಳಸುತ್ತದೆ. ಬಳಸಿದಷ್ಟೂ ಗಟ್ಟಿಯಾಗುತ್ತದೆ.

ಅದಕ್ಕಿಂತ ಕಷ್ಟ ಏನೆಂದರೆ, ಆ ತಪ್ಪು ಮುಂದಿನ ತರಗತಿಯಲ್ಲಿ ಬೇರೆ ಪಾಠದ ಒಳಗೆ ಅಡಗಿಕೊಳ್ಳುತ್ತದೆ. ಅದೇ ಮಗು ಒಂಬತ್ತನೇ ತರಗತಿಗೆ ಬಂತು ಅಂದುಕೊಳ್ಳಿ. ಅಲ್ಲಿ ನಿತ್ಯಸಮೀಕರಣಗಳ ಪಾಠ. ಈ ಲೆಕ್ಕ ಕೊಟ್ಟಿದ್ದಾರೆ:

(x + 4)² − (x − 3)² = 35

ಮಗು ಎರಡೂ ವರ್ಗಗಳನ್ನು ಸರಿಯಾಗಿ ಬಿಡಿಸುತ್ತದೆ. ಮೊದಲನೆಯದು x² + 8x + 16. ಎರಡನೆಯದು x² − 6x + 9. ಇಲ್ಲಿವರೆಗೆ ಒಂದೂ ತಪ್ಪಿಲ್ಲ. ಆಮೇಲೆ ಎರಡನೆಯದನ್ನು ಕಳೆಯಬೇಕು. ಸರಿಯಾಗಿ ಕಳೆದರೆ −x² + 6x − 9 ಬರುತ್ತದೆ, ಒಟ್ಟು 14x + 7 = 35 ಆಗಿ x = 2 ಸಿಗುತ್ತದೆ. ನಮ್ಮ ಮಗು ಮೈನಸ್ಸನ್ನು ಮೊದಲ ಪದಕ್ಕೆ ಮಾತ್ರ ಹಾಕಿ −x² − 6x + 9 ಬರೆಯುತ್ತದೆ. ಆಗ 2x + 25 = 35 ಆಗುತ್ತದೆ, x = 5 ಸಿಗುತ್ತದೆ. ನೋಡಲು ಅಂದವಾದ ಪೂರ್ಣಾಂಕ. ಅನುಮಾನವೇ ಬರುವುದಿಲ್ಲ. ಆದರೆ 5ನ್ನು ಹಾಕಿ ತಾಳೆ ನೋಡಿದರೆ 81 − 4 = 77 ಬರುತ್ತದೆ, 35 ಅಲ್ಲ.

ಉತ್ತರ ತಪ್ಪಾದಾಗ ಎಲ್ಲರೂ ಹೇಳುವುದು ಒಂದೇ: ನಿತ್ಯಸಮೀಕರಣ ಬರಲ್ಲ, ಸೂತ್ರ ಚೆನ್ನಾಗಿ ಕಲಿತಿಲ್ಲ. ಮಗು ಮನೆಗೆ ಬಂದು ಅದೇ ಸೂತ್ರವನ್ನು ಮತ್ತೆ ಮತ್ತೆ ಬರೆಯುತ್ತದೆ. ಸೂತ್ರ ಅದಕ್ಕೆ ಮೊದಲೇ ಬರುತ್ತಿತ್ತು! ಎಷ್ಟು ಓದಿದರೂ ಉತ್ತರ ತಪ್ಪುತ್ತಲೇ ಇರುತ್ತದೆ. ಬಹುಪದೋಕ್ತಿಗಳ ಭಾಗಾಕಾರ ಬಂದಾಗ ಪ್ರತಿ ಹಂತದಲ್ಲೂ ಕಳೆಯಬೇಕು, ಅಲ್ಲೂ ಇದೇ ಕಥೆ. ವರ್ಗ ಸಮೀಕರಣವನ್ನು ಸರಳ ರೂಪಕ್ಕೆ ತರುವಾಗಲೂ ಇದೇ. ಹತ್ತನೇ ತರಗತಿಯ ಹೊತ್ತಿಗೆ ಮಗು "ನನಗೆ ಗಣಿತ ಆಗಲ್ಲ" ಅನ್ನುತ್ತದೆ. ಮೂರು ಪಾಠ ಬರಲ್ಲ ಅಂತ ಅದಕ್ಕೆ ಅನ್ನಿಸಿರುತ್ತದೆ. ಬರದೇ ಇರುವುದು ಒಂದೇ ಒಂದು ನಿಯಮ. ಅದು ಕಾಣಿಸಿಕೊಳ್ಳಬೇಕಾಗಿದ್ದ ಟೆಸ್ಟ್‌ನಲ್ಲಿ ಪೂರ್ತಿ ಅಂಕ ಬಂದಿತ್ತು.

ಉತ್ತರ ನೋಡಿ ಬರೆದರೂ ಅದು ಕಣ್ಣಿಗೆ ಬಿದ್ದಿರುತ್ತದೆ. ಸ್ವಲ್ಪವಾದರೂ ಕಲಿತ ಹಾಗೆ ಆಗಲ್ವಾ?

ತುಂಬಾ ಪೋಷಕರು ಪ್ರಾಮಾಣಿಕವಾಗಿ ಹೀಗೆ ನಂಬಿರುತ್ತಾರೆ. ನೋಡಿದ್ದು ತಲೆಯಲ್ಲಿ ಉಳಿದ ಹಾಗೆ ಅನ್ನಿಸುವುದೂ ನಿಜ. ಆದರೆ ಅದು ಎಷ್ಟು ದಿನ ಉಳಿಯುತ್ತದೆ?

2006ರಲ್ಲಿ ಅಮೆರಿಕದ ಇಬ್ಬರು ಮನಃಶಾಸ್ತ್ರಜ್ಞರು, ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ, ಒಂದು ಪ್ರಯೋಗ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗ ಓದಲು ಕೊಟ್ಟರು. ಒಂದು ಬಗೆಯಲ್ಲಿ ಅದನ್ನೇ ಇನ್ನೊಮ್ಮೆ ಓದಿಸಿದರು. ಇನ್ನೊಂದು ಬಗೆಯಲ್ಲಿ ಗದ್ಯವನ್ನು ಪಕ್ಕಕ್ಕಿಟ್ಟು, ನೆನಪಿದ್ದಷ್ಟನ್ನು ಬರೆಯಿಸಿದರು. ಐದು ನಿಮಿಷ ಬಿಟ್ಟು ಕೇಳಿದಾಗ ಎರಡು ಸಲ ಓದಿದವರೇ ಮುಂದಿದ್ದರು. ಅವರಿಗೆ ಸುಮಾರು 81 ಶೇಕಡ ನೆನಪಿತ್ತು, ಬರೆದವರಿಗೆ 75. ಒಂದು ವಾರ ಬಿಟ್ಟು ಕೇಳಿದಾಗ ಪೂರ್ತಿ ತಿರುಗಿತ್ತು. ಓದಿದವರಲ್ಲಿ ಉಳಿದದ್ದು ಸುಮಾರು 42, ನೆನಪಿನಿಂದ ಬರೆದವರಲ್ಲಿ 56.

ಟೆಸ್ಟ್‌ನಲ್ಲಿ ಮಗು ತಲೆ ಕೆರೆದುಕೊಂಡು ಹುಡುಕುತ್ತದಲ್ಲ, ಆ ಹುಡುಕಾಟವೇ ನೆನಪನ್ನು ಗಟ್ಟಿ ಮಾಡುತ್ತದೆ. ಉತ್ತರವನ್ನು ನೋಡಿ ಒತ್ತಿದಾಗ ಆ ಹುಡುಕಾಟ ನಡೆಯುವುದೇ ಇಲ್ಲ. ನಮ್ಮ ಮಕ್ಕಳ ಕಾಪಿಯಂತೂ ಎರಡನೇ ಸಲ ಓದುವುದಕ್ಕಿಂತ ಕಡೆ. "1-ಎ, 2-ಸಿ, 3-ಸಿ" ಅಂತ ಸಂದೇಶ ಬಂದಿರುತ್ತದೆ. ಪ್ರಶ್ನೆಯನ್ನು ಪೂರ್ತಿ ಓದುವ ಅಗತ್ಯವೂ ಇಲ್ಲ.

ಕಾಪಿ ಮಾಡುವವರು ಮೊದಲೇ ಓದಿನಲ್ಲಿ ಹಿಂದೆ ಇರುವವರು. ನಮ್ಮ ಮಗು ಜಾಣ, ಒಮ್ಮೊಮ್ಮೆ ಮಾಡಿದರೆ ಏನಾಗುತ್ತೆ?

ನನ್ನ ಅನುಭವ ಹಾಗೆ ಹೇಳುವುದಿಲ್ಲ. ದೊಡ್ಡ ಮಟ್ಟದಲ್ಲಿ ನೋಡಿದವರಿಗೂ ಹಾಗೆ ಕಂಡಿಲ್ಲ. ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ ಡೇವಿಡ್ ಪ್ರಿಚರ್ಡ್ ಮತ್ತು ಅವರ ಜೊತೆಗಾರರು ಮೊದಲ ವರ್ಷದ ಭೌತಶಾಸ್ತ್ರದ ಆನ್‌ಲೈನ್ ಹೋಂವರ್ಕನ್ನು ಪರಿಶೀಲಿಸಿದರು. 2010ರಲ್ಲಿ ಅದು ಪ್ರಕಟವಾಯಿತು. ಅಲ್ಲಿ ಸೀಟು ಸಿಗುವುದೇ ಕಷ್ಟ, ಅಂದರೆ ಎಲ್ಲರೂ ಜಾಣರೇ. ಪ್ರಶ್ನೆ ತೆರೆದು ಎಷ್ಟು ಬೇಗ ಉತ್ತರ ಹಾಕಿದ್ದಾರೆ ಅನ್ನುವುದರಿಂದ ಅವರು ಕಾಪಿಯನ್ನು ಗುರುತಿಸಿದರು.

ಜಾಸ್ತಿ ಕಾಪಿ ಮಾಡಿದವರು ಕೋರ್ಸ್ ಶುರುವಾದಾಗ ಗಣಿತದಲ್ಲಾಗಲೀ ಭೌತಶಾಸ್ತ್ರದಲ್ಲಾಗಲೀ ಉಳಿದವರಿಗಿಂತ ಕಡಿಮೆ ಇರಲಿಲ್ಲ. ಬಿಡಿಸಿ ಬರೆಯುವ ಲೆಕ್ಕಗಳಲ್ಲಿ ಅವರು ಹಿಂದೆ ಬಿದ್ದದ್ದು ಸೆಮಿಸ್ಟರ್ ಮುಂದುವರಿದ ಹಾಗೆ. ಇನ್ನೂ ಒಂದು ವಿಷಯ ಗಮನಿಸಬೇಕು. ಬರೀ ಪರಿಕಲ್ಪನೆ ಕೇಳುವ ಪ್ರಶ್ನೆಗಳಲ್ಲಿ ಅಂಥ ಅಂತರ ಕಾಣಲಿಲ್ಲ. ಇದನ್ನು ನಾನು ನನ್ನ ತರಗತಿಯಲ್ಲೂ ನೋಡುತ್ತೇನೆ. ಬಾಯಲ್ಲಿ ಕೇಳಿದರೆ ಮಗು ಪಾಠವನ್ನು ಚೆನ್ನಾಗಿ ಹೇಳುತ್ತದೆ. ಖಾಲಿ ಹಾಳೆ ಕೊಟ್ಟು ಬಿಡಿಸು ಅಂದರೆ ಎರಡನೇ ಸಾಲಿಗೆ ನಿಂತುಬಿಡುತ್ತದೆ. ಹೀಗಾಗಿ ಮನೆಯಲ್ಲಿ "ಅರ್ಥ ಆಗಿದೆಯಾ?" ಅಂತ ಕೇಳಿ ಸಮಾಧಾನ ಪಟ್ಟುಕೊಳ್ಳಬೇಡಿ.

ಕಾಪಿ ಜಾಸ್ತಿ ಕಂಡದ್ದು ಕೆಲಸವನ್ನು ಕೊನೆ ಗಳಿಗೆಗೆ ಬಿಟ್ಟವರಲ್ಲಿ. ಹಾಗಾಗಿ ಎಲ್ಲ ನಷ್ಟವನ್ನೂ ಕಾಪಿಯ ಮೇಲೇ ಹೊರಿಸುವುದು ನ್ಯಾಯವಲ್ಲ. ಆದರೆ ಮಕ್ಕಳಲ್ಲಿ ಎರಡೂ ಒಟ್ಟಿಗೇ ಬೆಳೆಯುತ್ತವೆ. ಉತ್ತರ ಹೇಗೂ ಗ್ರೂಪ್‌ಗೆ ಬರುತ್ತದೆ ಅಂತ ಗೊತ್ತಿರುವ ಮಗು ವಾರವೆಲ್ಲ ಯಾಕೆ ಓದುತ್ತದೆ?

ಮಗು ಕಾಪಿ ಮಾಡಿದೆ ಅಂತ ನಿಮಗೆ ಹೇಗೆ ಗೊತ್ತಾಗುತ್ತದೆ?

ಟೆಸ್ಟ್ ಮುಗಿದ ಮೇಲೆ ಯಾವ ಪ್ರಶ್ನೆಗೆ ಎಷ್ಟು ಸಮಯ ತೆಗೆದುಕೊಂಡರು ಅನ್ನುವ ಪಟ್ಟಿ ನನಗೆ ಸಿಗುತ್ತದೆ. ಸ್ವಂತ ಬಿಡಿಸುವ ಮಗುವಿನ ಪಟ್ಟಿ ಏರಿಳಿಯುತ್ತದೆ. ಸುಲಭದ್ದಕ್ಕೆ ಇಪ್ಪತ್ತು ಸೆಕೆಂಡು, ಕಷ್ಟದ್ದಕ್ಕೆ ಮೂರು ನಿಮಿಷ. ಕಾಪಿ ಮಾಡಿದ ಪಟ್ಟಿಯಲ್ಲಿ ಎಲ್ಲ ಪ್ರಶ್ನೆಗೂ ಹೆಚ್ಚುಕಮ್ಮಿ ಒಂದೇ ಸಮಯ. ಮೇಲೆ ಕೊಟ್ಟ ಸಮೀಕರಣವನ್ನು ಆರು ಸೆಕೆಂಡಿನಲ್ಲಿ ಓದಬಹುದು, ಎಂಟನೇ ತರಗತಿಯ ಮಗು ಅಷ್ಟರಲ್ಲಿ ಬಿಡಿಸುವುದು ಕಷ್ಟ. ಇನ್ನು ಕೆಲವು ಸಲ ಅರ್ಧ ಗಂಟೆ ಏನೂ ಒತ್ತಿರುವುದಿಲ್ಲ, ಆಮೇಲೆ ಎರಡು ನಿಮಿಷದಲ್ಲಿ ಎಲ್ಲ ಉತ್ತರ ಬಂದುಬಿಡುತ್ತದೆ. ಆ ಅರ್ಧ ಗಂಟೆ ಗ್ರೂಪ್‌ಗಾಗಿ ಕಾದದ್ದು ಇರಬಹುದು.

ಇರಬಹುದು ಅಂದೆ, ಯಾಕೆಂದರೆ ಸಮಯ ಒಂದನ್ನೇ ನಂಬಬಾರದು. ಕೆಲವು ಮಕ್ಕಳು ಎಲ್ಲ ಲೆಕ್ಕವನ್ನೂ ಹಾಳೆಯಲ್ಲಿ ಬಿಡಿಸಿಟ್ಟುಕೊಂಡು ಕೊನೆಗೆ ಒಟ್ಟಿಗೆ ಒತ್ತುತ್ತಾರೆ. ಅದು ಒಳ್ಳೆಯ ಅಭ್ಯಾಸವೇ. ನೆಟ್ ನಿಧಾನ ಇದ್ದರೂ ಪಟ್ಟಿ ಏರುಪೇರಾಗುತ್ತದೆ. ನಾಲ್ಕೈದು ಮಕ್ಕಳು ಒಂದೇ ತಪ್ಪು ಆಯ್ಕೆ ಒತ್ತಿದರೂ ಕಾಪಿ ಅಂತ ಹೇಳಲಾಗದು. −1ರಂತಹ ತಪ್ಪನ್ನು ಎಷ್ಟೋ ಮಕ್ಕಳು ಸ್ವಂತವಾಗಿಯೇ ಮಾಡುತ್ತಾರೆ.

ಅದಕ್ಕೇ ನಾನು ಯಾರನ್ನೂ ಪಟ್ಟಿ ನೋಡಿ ಬೈಯುವುದಿಲ್ಲ. ಮಗುವನ್ನು ಕರೆದು ಅದು ಸರಿ ಮಾಡಿದ ಒಂದು ಲೆಕ್ಕವನ್ನೇ ಸ್ವಲ್ಪ ಬದಲಿಸಿ ಕೊಡುತ್ತೇನೆ. 5 − 2(x − 3) = 1 ಇದ್ದದ್ದನ್ನು 9 − 4(x − 2) = 5 ಮಾಡುತ್ತೇನೆ. ಸ್ವಂತ ಬಿಡಿಸಿದ ಮಗು ತಡವಾದರೂ 3 ತರುತ್ತದೆ. ಕಾಪಿ ಮಾಡಿದ ಮಗುವಿನ ಪೆನ್ನು ಬ್ರಾಕೆಟ್ ಹತ್ತಿರ ಬಂದು ನಿಲ್ಲುತ್ತದೆ, ಇಲ್ಲವೇ ಅಲ್ಲಿ −8 ಬರೆಯುತ್ತದೆ. ಆಗ ನನಗೆ ಬೇಕಾದ ವಿಷಯ ಸಿಕ್ಕಿತು. ಕಾಪಿ ಮಾಡಿದ್ದೆಯಾ ಅಂತ ಕೇಳುವ ಅಗತ್ಯವೂ ಉಳಿಯುವುದಿಲ್ಲ.

ಟೆಸ್ಟ್ ಬರೆಯುವಾಗ ನಾವೇ ಪಕ್ಕದಲ್ಲಿ ಕೂತು ಸಣ್ಣ ಸುಳಿವು ಕೊಡಬಹುದಾ?

ಬೇಡ. ನಿಮ್ಮ ಉದ್ದೇಶ ಒಳ್ಳೆಯದು, ಆದರೆ ನನಗೆ ಬರುವ ಉತ್ತರ ಮಗುವಿನದ್ದಲ್ಲ, ಇಬ್ಬರದ್ದು. "ಅಲ್ಲಿ ಚಿಹ್ನೆ ನೋಡು" ಅನ್ನುವ ಮೂರು ಪದವೇ −1ನ್ನು 5 ಮಾಡಿಬಿಡುತ್ತದೆ. ಟೆಸ್ಟ್ ಮುಗಿದ ಮೇಲೆ ಎಷ್ಟು ಬೇಕಾದರೂ ಹೇಳಿಕೊಡಿ.

ಎಲ್ಲರೂ ಕಾಪಿ ಮಾಡಿ ಪೂರ್ತಿ ಅಂಕ ತೆಗೆಯುತ್ತಾರೆ. ನಮ್ಮ ಮಗು ಮಾತ್ರ ನಿಜ ಬರೆದು ಪಟ್ಟಿಯಲ್ಲಿ ಕೆಳಗೆ ಇರಬೇಕಾ?

ಈ ಪ್ರಶ್ನೆ ಕೇಳುವ ಪೋಷಕರ ನೋವು ನನಗೆ ಅರ್ಥವಾಗುತ್ತದೆ. ಕಷ್ಟಪಟ್ಟು 12 ತೆಗೆದ ಮಗು, ಕಾಪಿ ಮಾಡಿ 20 ತೆಗೆದವರ ಹೆಸರನ್ನು ಪಟ್ಟಿಯ ಮೇಲೆ ನೋಡಬೇಕಾಗುತ್ತದೆ. ಇದರಲ್ಲಿ ನಮ್ಮಂಥ ಕೋಚಿಂಗ್‌ನವರ ಪಾಲೂ ಇದೆ ಅಂತ ನನ್ನ ಅಭಿಪ್ರಾಯ. ಮನೆಯಲ್ಲಿ ಬರೆದ ಟೆಸ್ಟ್‌ಗೆ ರ‍್ಯಾಂಕ್ ಪಟ್ಟಿ ಹಾಕಲೇಬಾರದು. ಪಟ್ಟಿ ಹಾಕಿದ ಕೂಡಲೇ ಟೆಸ್ಟ್‌ನ ಕೆಲಸ ಬದಲಾಗುತ್ತದೆ. ಎಲ್ಲಿ ಗೊತ್ತಿಲ್ಲ ಅಂತ ತೋರಿಸಬೇಕಾಗಿದ್ದ ಮಗು, ಗೊತ್ತಿಲ್ಲದ್ದನ್ನು ಮುಚ್ಚಿಡಲು ಶುರು ಮಾಡುತ್ತದೆ. ನಿಮ್ಮ ಮಗು ಹೋಗುವಲ್ಲಿ ಪಟ್ಟಿ ಹಾಕುತ್ತಿದ್ದರೆ ನಿಲ್ಲಿಸಿ ಅಂತ ಕೇಳುವ ಹಕ್ಕು ನಿಮಗಿದೆ.

ಮನೆಯಲ್ಲಿ ನೀವು ಮಾಡಬಹುದಾದದ್ದೂ ಒಂದಿದೆ. ಟೆಸ್ಟ್ ಆದಮೇಲೆ "ಎಷ್ಟು ಬಂತು?" ಅಂತ ಮೊದಲು ಕೇಳಬೇಡಿ. "ಯಾವುದು ತಪ್ಪಾಯಿತು, ಯಾಕೆ ತಪ್ಪಾಯಿತು?" ಅಂತ ಕೇಳಿ. ಕಡಿಮೆ ಅಂಕಕ್ಕೆ ಮನೆಯಲ್ಲಿ ಮಾತು ಬಿಡುವವರಿದ್ದರೆ ಮಗು ಕಾಪಿಯ ಕಡೆಗೇ ವಾಲುತ್ತದೆ.

ಕ್ಯಾಮೆರಾ ಇಟ್ಟು, ಮೊಬೈಲ್ ಕಿತ್ತುಕೊಂಡರೆ ಸಾಕಲ್ವಾ?

ಆ ದಿನದ ಮಟ್ಟಿಗೆ ಕಾಪಿ ಕಡಿಮೆಯಾಗಬಹುದು. ಓದದೆ ಬಂದ ಮಗು ಕ್ಯಾಮೆರಾ ಮುಂದೆ ಸುಮ್ಮನೆ ಊಹಿಸಿ ಒತ್ತುತ್ತದೆ. ನಾಲ್ಕು ಆಯ್ಕೆ ಇದ್ದರೆ ಸರಾಸರಿ ನಾಲ್ಕರಲ್ಲಿ ಒಂದು ಊಹೆಯಿಂದಲೇ ಸರಿಯಾಗುತ್ತದೆ, ಆ ಉತ್ತರಗಳೂ ನನಗೆ ಏನನ್ನೂ ಹೇಳುವುದಿಲ್ಲ. ನಾನು ಕೇಳುವುದು ಕ್ಯಾಮೆರಾ ಅಲ್ಲ, ರಫ್ ಹಾಳೆಯ ಫೋಟೊ. ಬಿಡಿಸಿದ ಸಾಲುಗಳು ಕಂಡರೆ ತಪ್ಪು ಉತ್ತರದಿಂದಲೂ ತುಂಬಾ ವಿಷಯ ತಿಳಿಯುತ್ತದೆ.

ನಮ್ಮ ಮಗು ಸುಮಾರು ತಿಂಗಳಿಂದ ಕಾಪಿ ಮಾಡಿದೆ ಅಂತ ಈಗ ಗೊತ್ತಾಗಿದೆ. ಸರಿಪಡಿಸಬಹುದಾ?

ಖಂಡಿತ ಆಗುತ್ತದೆ. ಎಲ್ಲಿಂದ ಶುರು ಮಾಡಬೇಕು ಅನ್ನೋದನ್ನು ಮಾತ್ರ ಸರಿಯಾಗಿ ಹುಡುಕಬೇಕು.

ಮೊದಲು, ಈ ವರ್ಷದ ಹಳೆಯ ಟೆಸ್ಟ್‌ಗಳಿಂದ ಒಂದೊಂದು ಪಾಠಕ್ಕೆ ಎರಡೆರಡು ಲೆಕ್ಕ ತೆಗೆದುಕೊಳ್ಳಿ. ಅಂಕಿಗಳನ್ನು ಬದಲಿಸಿ, ಆಯ್ಕೆಗಳನ್ನು ಕೊಡಬೇಡಿ. ಹಾಳೆಯಲ್ಲಿ ಬಿಡಿಸಲು ಹೇಳಿ, ಸಮಯದ ಮಿತಿ ಇಡಬೇಡಿ. ಒಂದೇ ದಿನ ಎಲ್ಲವನ್ನೂ ಮಾಡಿಸಬೇಡಿ, ದಿನಕ್ಕೆ ಒಂದೆರಡು ಪಾಠ ಸಾಕು. ಇದಕ್ಕೆ ಅಂಕ ಇಲ್ಲ ಅಂತ ಮೊದಲೇ ಹೇಳಿ, ಆ ಮಾತಿಗೆ ತಪ್ಪಬೇಡಿ.

ಆಮೇಲೆ ತಪ್ಪಾದ ಲೆಕ್ಕಗಳನ್ನು ಪಕ್ಕ ಪಕ್ಕ ಇಟ್ಟು, ಮೊದಲ ತಪ್ಪು ಸಾಲು ಯಾವುದು ಅಂತ ಗುರುತು ಹಾಕಿ. ನಿಮಗೆ ಗಣಿತ ಅಷ್ಟಾಗಿ ಬರದಿದ್ದರೆ ಹಾಳೆಗಳನ್ನು ಮೇಷ್ಟ್ರಿಗೆ ಕಳಿಸಿ, ಅದು ಅವರ ಕೆಲಸ. ಬೇರೆ ಬೇರೆ ಪಾಠದ ಲೆಕ್ಕಗಳಲ್ಲಿ ಒಂದೇ ಜಾತಿಯ ತಪ್ಪು ಕಾಣುತ್ತಾ ನೋಡಬೇಕು. ಹತ್ತು ಲೆಕ್ಕ ತಪ್ಪಿದ್ದರೂ ಹಿಂದಿರುವ ಕಾರಣ ಎರಡೋ ಮೂರೋ ಇರುತ್ತದೆ. ಚಿಹ್ನೆ, ಭಿನ್ನರಾಶಿ, ಗುಣಿಸುವ ಮತ್ತು ಕಳೆಯುವ ಕ್ರಮ, ಸಾಮಾನ್ಯವಾಗಿ ಇವೇ.

ಸಿಕ್ಕ ಕಾರಣದ ಮೇಲೆ ದಿನಕ್ಕೆ ಐದಾರು ಲೆಕ್ಕ ಮಾಡಿಸಿ. ಉತ್ತರ ಬಂದ ಮೇಲೆ ಅದನ್ನು ಸಮೀಕರಣಕ್ಕೆ ಹಾಕಿ ತಾಳೆ ನೋಡುವುದನ್ನು ಕಡ್ಡಾಯ ಮಾಡಿ. −1ನ್ನು ಮೊದಲ ಸಮೀಕರಣಕ್ಕೆ ಹಾಕಿದ್ದರೆ 13 ಬರುತ್ತಿತ್ತು, 1 ಅಲ್ಲ. ತಪ್ಪನ್ನು ತಾನೇ ಹಿಡಿಯುವುದು ಕಲಿತ ಮಗುವಿಗೆ ಗ್ರೂಪ್‌ನ ಉತ್ತರ ಬೇಕಾಗುವುದು ಕಡಿಮೆಯಾಗುತ್ತದೆ.

ಇನ್ನೊಂದು ಮಾತಿಗೆ ಸಿದ್ಧರಾಗಿರಿ. ಕಾಪಿ ಬಿಟ್ಟ ಮೊದಲ ಕೆಲವು ವಾರ ಅಂಕ ಬೀಳುತ್ತದೆ. 19 ಬರುತ್ತಿದ್ದ ಮಗುವಿಗೆ 8 ಬರಬಹುದು. ಅದರ ನಿಜವಾದ ಅಂಕ ಮೊದಲಿನಿಂದಲೂ 8ರ ಸುತ್ತಮುತ್ತವೇ ಇತ್ತು, ಈಗ ಕಂಡಿದೆ ಅಷ್ಟೇ. ಆ ದಿನ ನೀವು ಬೈದರೆ ಮುಂದಿನ ವಾರ ಮತ್ತೆ 19 ಬರುತ್ತದೆ.

ಮಗುವಿಗೆ ಟೆಸ್ಟ್ ಮಧ್ಯೆ ನಿಜವಾಗಿಯೂ ಏನೂ ತೋಚದಿದ್ದರೆ ಏನು ಮಾಡಬೇಕು?

ಖಾಲಿ ಬಿಡಲಿ. ಊಹಿಸಿ ಒತ್ತುವುದೂ ಬೇಡ. ರಫ್ ಹಾಳೆಯಲ್ಲಿ ಎಲ್ಲಿವರೆಗೆ ಬಂತೋ ಅಲ್ಲಿಗೆ ಒಂದು ಗೆರೆ ಎಳೆದು, "ಇಲ್ಲಿಂದ ಮುಂದೆ ಗೊತ್ತಾಗಲಿಲ್ಲ" ಅಂತ ಬರೆದು ಫೋಟೊ ಕಳಿಸಲಿ. ಮುಂದಿನ ತರಗತಿಯಲ್ಲಿ ನಾನು ಆ ಗೆರೆಯಿಂದಲೇ ಶುರು ಮಾಡುತ್ತೇನೆ.